ಸ್ಕ್ರೀನ್‌ಶಾಟ್ ಸುಳ್ಳಾಡದು, ಪರದೆ ಆಡುತ್ತದೆ

ಚನ್ನಪಟ್ಟಣದ ಬೊಂಬೆ ಕೆಲಸದ ಯಜಮಾನರೊಬ್ಬರು ವಾಟ್ಸ್‌ಆ್ಯಪ್‌ನಲ್ಲೇ ಮಾತಾಡಿ 300 ಸೆಟ್ ಬೊಂಬೆಗೆ ಆರ್ಡರ್ ಹಿಡಿದರು ಎಂದುಕೊಳ್ಳಿ. ಸೆಟ್ಟಿಗೆ 210 ರೂಪಾಯಿ ಅಂತ ಮಾತಾಗಿತ್ತು ಎನ್ನುತ್ತಾರೆ ಅವರು. ಬೆಂಗಳೂರಿನ ಅಂಗಡಿಯವರು ವರ್ಷದ ಹಿಂದಿನ ಚಾಟ್‌ನ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಅದರಲ್ಲಿ 160 ಇದೆ. ಜಗಳ 15,000 ರೂಪಾಯಿಯದು.

ಅಂಗಡಿಯವರು ತಿದ್ದಿದ್ದರೆ ಹೇಗೆ ತಿದ್ದಿರಬಹುದು? ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು F12 ಒತ್ತಿದರೆ, ಆ ಪುಟ ಕಟ್ಟಿರುವ ಸಾಲುಗಳೆಲ್ಲ ಪಕ್ಕದಲ್ಲಿ ಕಾಣುತ್ತವೆ. 210 ಇದ್ದಲ್ಲಿ 160 ಟೈಪ್ ಮಾಡಿದರೆ ಪರದೆಯೂ ಬದಲಾಗುತ್ತದೆ. ಪುಟವನ್ನು ಮತ್ತೆ ಲೋಡ್ ಮಾಡಿದರೆ ಹಳೆಯ ಅಂಕಿ ವಾಪಸ್ ಬರುತ್ತದೆ, ಆದರೆ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದಾಗಿರುತ್ತದೆ. ಇನ್ನೂ ಸುಲಭದ ದಾರಿಯೂ ಇದೆ. ಮನೆಯವರದೇ ಇನ್ನೊಂದು ನಂಬರನ್ನು ಯಜಮಾನರ ಹೆಸರಲ್ಲಿ ಸೇವ್ ಮಾಡಿಕೊಂಡು, ಬೇಕಾದ ಮಾತನ್ನು ಅದರಿಂದ ಕಳಿಸಿಕೊಳ್ಳುವುದು. ಚಾಟ್‌ನ ಮೇಲ್ಭಾಗದಲ್ಲಿ ಕಾಣುವುದು ನಾವು ಇಟ್ಟ ಹೆಸರು, ನಂಬರಲ್ಲ.

ತಜ್ಞರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಗೊತ್ತಾಗದೇ? ಫೋಟೊ ತಿದ್ದಿದಾಗ ಬೆಳಕು, ಅಂಚು, ಬಣ್ಣದ ಚುಕ್ಕೆಗಳು ಎಲ್ಲೋ ಒಂದು ಕಡೆ ಎಡವುತ್ತವೆ. ಇಲ್ಲಿ ಎಡವಲು ಜಾಗವೇ ಇಲ್ಲ. ಆ 160 ಅನ್ನು ಬರೆದದ್ದು ಬ್ರೌಸರೇ, ಅದೇ ಅಕ್ಷರದಲ್ಲಿ, ಅದೇ ಅಳತೆಯಲ್ಲಿ. ಚಿತ್ರವನ್ನು ಯಾರೂ ಮುಟ್ಟಿಲ್ಲ. ಸ್ಕ್ರೀನ್‌ಶಾಟ್ ಪರದೆಯಲ್ಲಿದ್ದುದನ್ನು ನಿಷ್ಠೆಯಿಂದ ಹಿಡಿದಿದೆ, ಸುಳ್ಳಾಡಿದ್ದು ಪರದೆ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಕೊಟ್ಟರೂ ಅಷ್ಟೇ. ಅದು ಬರೀ ಅಕ್ಷರಗಳ ಫೈಲ್, ಯಾರು ಬೇಕಾದರೂ ತೆರೆದು ತಿದ್ದಬಹುದು.

ಹಾಗಾದರೆ ನಿಜ ಇರುವುದೆಲ್ಲಿ? ಫೋನಿನೊಳಗೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ಸಂದೇಶಗಳೆಲ್ಲ msgstore.db ಎಂಬ ದತ್ತಾಂಶ ಕಡತದಲ್ಲಿ ಸಾಲು ಸಾಲಾಗಿ ಕೂತಿರುತ್ತವೆ. ಪ್ರತಿ ಸಾಲಿಗೂ ಸರದಿ ಸಂಖ್ಯೆ, ಸಂದೇಶದ ಗುರುತು, ಎದುರಿನವರ ನಂಬರಿನ ಜೊತೆಗಿನ ನಂಟು ಇರುತ್ತದೆ. ಸಮಯವನ್ನು 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳಲ್ಲಿ ಬರೆದಿರುತ್ತದೆ. 2024ರ ಜೂನ್ 12ರ ಬೆಳಗ್ಗೆ 10.30 ಅಲ್ಲಿ 1718168400000 ಆಗಿರುತ್ತದೆ. ಹಿಂದಿನ ತಾರೀಖು ಹಾಕಿ ಇವತ್ತು ಹೊಸ ಸಾಲು ತುರುಕಿದರೆ, ಸಮಯ ಹಳೆಯದು, ಸರದಿ ಸಂಖ್ಯೆ ಹೊಸದು ಎಂದು ಸಿಕ್ಕಿಬೀಳಬಹುದು. ಆದರೆ ಫೋನಿನ ಬೀಗ ಮುರಿಯಬಲ್ಲ ಕಸುಬುದಾರ ಹಳೆಯ ಸಾಲಿನ 210 ಅನ್ನಷ್ಟೇ 160 ಮಾಡಿದರೆ ಸರದಿ ಕೆಡುವುದಿಲ್ಲ. ಆಗ ಯಜಮಾನರ ಫೋನಿನಲ್ಲಿ ಅದೇ ಗುರುತಿನ ಸಂದೇಶ ಏನನ್ನುತ್ತದೆ ಎಂದು ಹೋಲಿಸಬೇಕು. ಅವರು ಅಷ್ಟರಲ್ಲಿ ಫೋನ್ ಬದಲಿಸಿ ಹಳೆಯದನ್ನು ಮಾರಿದ್ದರೆ, ಬ್ಯಾಕಪ್ ಕೂಡ ಇಲ್ಲದಿದ್ದರೆ, ಹೋಲಿಸಲು ಏನೂ ಉಳಿಯುವುದಿಲ್ಲ.

ಕಂಪನಿಯನ್ನೇ ಕೇಳೋಣವೆಂದರೆ ಅದರ ಬಳಿ ಮಾತಿಲ್ಲ. ಸಂದೇಶ ತಲುಪಿದೊಡನೆ ಸರ್ವರ್‌ನಿಂದ ಅಳಿಯುತ್ತದೆ. ತಲುಪದಿದ್ದರೂ 30 ದಿನಕ್ಕಿಂತ ಹೆಚ್ಚು ಇಡುವುದಿಲ್ಲ, ಇಟ್ಟಷ್ಟು ದಿನವೂ ಅದು ಗೂಢಲಿಪಿಯಲ್ಲಿರುತ್ತದೆ. ಇನ್ನೊಂದು ತೊಡಕು ಆ ಗೂಢಲಿಪಿಯ ವಿನ್ಯಾಸದಲ್ಲೇ ಇದೆ. ಇಬ್ಬರ ನಡುವಿನ ಸಂದೇಶದ ಮೇಲೆ ಬೀಳುವ ಮುದ್ರೆಯ ಕೀಲಿ ಕಳಿಸಿದವರ ಬಳಿಯೂ ಇರುತ್ತದೆ, ಪಡೆದವರ ಬಳಿಯೂ ಇರುತ್ತದೆ. ಬೀರುವಿಗೆ ಒಂದೇ ಥರದ ಎರಡು ಬೀಗದಕೈ ಇದ್ದಂತೆ: ಮೂರನೆಯವನು ತೆರೆದಿಲ್ಲವೆಂದು ಇಬ್ಬರಿಗೂ ಧೈರ್ಯ, ಇಬ್ಬರಲ್ಲಿ ತೆರೆದವರು ಯಾರೆಂದು ಹೊರಗಿನವರಿಗೆ ಗೊತ್ತಾಗದು. ಮಾತಾಡುವವರ ಗುಟ್ಟು ಕಾಯಲೆಂದೇ ಹೀಗೆ ಮಾಡಿದ್ದಾರೆ. ನ್ಯಾಯಾಲಯಕ್ಕೆ ಅದೇ ಕಷ್ಟ.

ಕಾನೂನು ಬಂದ ದಾರಿಯೂ ಇಲ್ಲೇ ಎಡವಿದೆ. ಡಿಜಿಟಲ್ ದಾಖಲೆಯ ನಕಲಿಗೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಕರ್ನಾಟಕ ಲೋಕಾಯುಕ್ತದ ಒಂದು ಪ್ರಕರಣದಲ್ಲಿ ಗುಪ್ತ ಕ್ಯಾಮೆರಾದ ದೃಶ್ಯಕ್ಕೆ ಆ ಪತ್ರವಿಲ್ಲವೆಂಬ ಪ್ರಶ್ನೆ ಎದ್ದು, ಅದನ್ನು ವಿಚಾರಣೆಯ ವೇಳೆಗೆ ಕೊಟ್ಟರೂ ಸಾಕೆಂದು 2019ರಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು. ಮೂಲ ಸಾಧನವನ್ನೇ ಅದರ ಯಜಮಾನರು ಹಾಜರುಪಡಿಸಿ ಸಾಕ್ಷಿ ನುಡಿದರೆ ಪತ್ರ ಬೇಡವೆಂದು 2020ರಲ್ಲಿ ಸ್ಪಷ್ಟವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಈ ಪತ್ರಕ್ಕೆ ಎರಡು ಭಾಗ, ಒಂದು ಸಲ್ಲಿಸುವವರದು, ಇನ್ನೊಂದು ತಜ್ಞರದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. SHA-256 ಆದರೆ ಅದು 64 ಅಕ್ಷರ-ಅಂಕಿಗಳ ಸಾಲು, ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಆದರೆ ಹ್ಯಾಶ್ ಹೇಳುವುದು, ಲೆಕ್ಕ ಹಾಕಿದ ಮೇಲೆ ಯಾರೂ ಮುಟ್ಟಿಲ್ಲ ಎಂದಷ್ಟೇ. ಅದಕ್ಕೂ ಮೊದಲೇ ತಿದ್ದಿದ್ದ ಸುಳ್ಳಿಗೂ ಹ್ಯಾಶ್ ಅಷ್ಟೇ ನಿಷ್ಠೆಯಿಂದ ಕಾವಲು ಕಾಯುತ್ತದೆ.

ಹಾಗಾಗಿ ರಾಮನಗರದ ಗೂಡಿನ ವ್ಯಾಪಾರವಿರಲಿ, ಮಾಗಡಿಯ ಸೈಟಿನ ಮುಂಗಡವಿರಲಿ, ಕನಕಪುರದ ಕೈಸಾಲವಿರಲಿ, ಚಾಟ್‌ನಲ್ಲಿ ಮಾತು ಮುಗಿಸಿದ್ದರೆ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಜಗಳದ ವಾಸನೆ ಬಂದ ಕೂಡಲೇ ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಮಾರಬೇಡಿ. ಹೆಸರಿನ ಹಿಂದಿನ ನಂಬರ್ ಬರೆದಿಡಿ. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ, ಬಿಲ್ಲು ಪಡೆಯಿರಿ. ಬ್ಯಾಂಕಿನ ಲೆಕ್ಕ ಇಬ್ಬರ ಕೈಗೂ ಸಿಗದ ಮೂರನೆಯ ಕಡೆ ಇರುತ್ತದೆ, ಚಾಟ್‌ಗೆ ಇಲ್ಲದಿರುವುದು ಅದೊಂದೇ.