‘ನನಗಾ?’ ಎಂಬ ಮೂರಕ್ಷರದೊಳಗೆ

‘ನನಗಾ?’ ಎಷ್ಟು ಸಲ ಕೇಳಿದ್ದೇವೋ! ಆದರೆ ಈ ಮೂರಕ್ಷರದಲ್ಲಿ ಎರಡು ಬೇರೆಬೇರೆ ಜಾತಿಯ ತುಣುಕುಗಳು ಅಕ್ಕಪಕ್ಕ ಕೂತಿವೆ: ಒಂದು ‘ಗೆ’, ಇನ್ನೊಂದು ‘ಆ’. ಎರಡೂ ಒಂಟಿಯಾಗಿ ನಿಲ್ಲಲಾರವು, ಎರಡೂ ಹಿಂದಿನ ಪದಕ್ಕೆ ಅಂಟಿಕೊಳ್ಳಲೇಬೇಕು. ಕಿವಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೂ ಭಾಷಾವಿಜ್ಞಾನಿಗಳು ‘ಗೆ’ಯನ್ನು ಪ್ರತ್ಯಯ ಎನ್ನುತ್ತಾರೆ, ‘ಆ’ವನ್ನು ಕ್ಲಿಟಿಕ್ ಎನ್ನುತ್ತಾರೆ. ಉಚ್ಚಾರದಲ್ಲಿ ಪರಾವಲಂಬಿ, ವ್ಯಾಕರಣದಲ್ಲಿ ಮಾತ್ರ ಸ್ವತಂತ್ರ ಪದದಂತೆ ಓಡಾಡುವ ತುಣುಕಿಗೆ ಆ ಹೆಸರು. ಓಡಾಟ ಎಂದೆನಲ್ಲ, ಸ್ವಲ್ಪ ನೋಡಿ.

‘ಅಮ್ಮ ನಾಳೆ ಮೈಸೂರಿಗೆ ಹೋಗ್ತಾಳೆ.’ ಇದನ್ನು ಪ್ರಶ್ನೆ ಮಾಡಬೇಕು. ‘ಹೋಗ್ತಾಳಾ?’ ಎನ್ನಬಹುದು. ‘ಮೈಸೂರಿಗಾ ಹೋಗೋದು?’, ‘ನಾಳೇನಾ ಹೋಗೋದು?’, ‘ಅಮ್ಮನಾ ಹೋಗೋದು?’ ಎಂದೂ ಕೇಳಬಹುದು. ಕ್ರಿಯಾಪದ, ವಿಭಕ್ತಿ ಹೊತ್ತ ನಾಮಪದ, ಕಾಲ ಹೇಳುವ ಮಾತು, ಬರೀ ನಾಮಪದ, ಯಾವುದಾದರೂ ಸರಿ, ‘ಆ’ ಹೋಗಿ ಕೂರುತ್ತದೆ! ಅನುಮಾನ ಎಲ್ಲಿದೆಯೋ ಅಲ್ಲಿ ಅದು. ಈಗ ‘ಗೆ’ಯನ್ನು ಹಾಗೆ ಓಡಾಡಿಸಿ ನೋಡಿ. ‘ಹೋಗ್ತಾಳೆಗೆ’ ಎಂದು ಯಾವ ಮಗುವೂ ಅನ್ನದು. ನಾಮಪದ, ಸರ್ವನಾಮಗಳಂಥವನ್ನು ಬಿಟ್ಟು ಅದು ಅತ್ತಿತ್ತ ಹೋಗುವುದಿಲ್ಲ. ಯಾರ ಜೊತೆ ಕೂರುತ್ತದೆ ಎಂಬ ಆಯ್ಕೆಯೇ ಮೊದಲ ಪರೀಕ್ಷೆ.

ಎರಡನೆಯದು ಇನ್ನೂ ಸೊಗಸು. ‘ನಾನು’ ಜೊತೆ ‘ಆ’ ಸೇರಿದರೆ ‘ನಾನಾ?’, ಕೊನೆಯ ಉಕಾರ ಬಿದ್ದದ್ದು ಬರೀ ಸಂಧಿಯಿಂದ. ‘ಗೆ’ ಸೇರಲಿ, ‘ನಾನುಗೆ’ ಆಗುತ್ತದೆಯೇ? ಇಲ್ಲ! ಬುಡದ ದೀರ್ಘವೇ ಹ್ರಸ್ವವಾಗಿ ‘ನನಗೆ’ ಆಗುತ್ತದೆ. ‘ಗೆ’ಯ ರೂಪವೂ ಒಂದೇ ಇರುವುದಿಲ್ಲ: ಮನೆಗೆ, ಊರಿಗೆ, ಮರಕ್ಕೆ. ಪ್ರತ್ಯಯಕ್ಕೆ ಪದದ ಒಳಕೋಣೆಗೂ ಪ್ರವೇಶವಿದೆ. ಕ್ಲಿಟಿಕ್ ಹೊಸ್ತಿಲಾಚೆಯೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ‘ಮರವಾ?’, ‘ಮರವನ್ನು’ ಎರಡರಲ್ಲೂ ನಡುವೆ ವಕಾರ ಬಂದಿದೆ. ಅದನ್ನು ಸಾಕ್ಷಿ ಎಂದುಕೊಂಡರೆ ಕೆಟ್ಟಿರಿ. ಸಂಧಿ ಇಬ್ಬರಿಗೂ ಆಗುವಂಥದ್ದು.

ಇನ್ನು ಸರದಿ. ‘ನನಗಾ?’ ಇದೆ, ‘ನಾನಾಗೆ’ ಇಲ್ಲ. ‘ಆ’ ಅಂಟಿದ ಮೇಲೆ ವಿಭಕ್ತಿಗೆ ಬಾಗಿಲು ಮುಚ್ಚಿತು. ಆದರೆ ಕ್ಲಿಟಿಕ್ ಮೇಲೆ ಕ್ಲಿಟಿಕ್ ಬರಬಹುದು: ‘ಅವನೇ’ ಎಂಬುದರ ಮೇಲೆ ಮತ್ತೆ ‘ಅವನೇನಾ?’. ನಮ್ಮ ಶಾಲಾ ವ್ಯಾಕರಣ ‘ಗೆ’ಯನ್ನು ವಿಭಕ್ತಿ ಪ್ರತ್ಯಯಗಳ ಪಟ್ಟಿಗೂ ‘ಆ’, ‘ಏ’, ‘ಊ’ಗಳನ್ನು ಅವ್ಯಯಗಳ ಪಟ್ಟಿಗೂ ಹಾಕಿ ಬಾಯಿಪಾಠ ಮಾಡಿಸಿತು. ಏಕೆ ಬೇರೆ ಎಂದು ಆಗ ಯಾರಾದರೂ ಹೇಳಿದ್ದರೆ!

ಇಂಥ ಪರೀಕ್ಷೆಗಳನ್ನು ಭಾಷಾವಿಜ್ಞಾನಿಗಳಾದ ಆರ್ನಾಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಮ್ 1983ರಲ್ಲಿ ಆರು ಅಂಶಗಳಾಗಿ ಜೋಡಿಸಿದರು. ಅವರು ಅವನ್ನು ಪ್ರಯೋಗಿಸಿದ್ದು ಇಂಗ್ಲಿಷಿನ ‘ಡೋಂಟ್’, ‘ವೋಂಟ್’ಗಳ ಬಾಲದ ಮೇಲೆ. ಅದು ‘ನಾಟ್’ ಪದದ ಮೊಟಕು ರೂಪ, ಅಂದರೆ ಕ್ಲಿಟಿಕ್ ಎಂದೇ ತೋರುತ್ತದೆ. ಪರೀಕ್ಷಿಸಿದರೆ ಎಲ್ಲ ತಲೆಕೆಳಗು! ಅದು ಸಹಾಯಕ ಕ್ರಿಯಾಪದಗಳಿಗೆ ಮಾತ್ರ ಅಂಟುತ್ತದೆ. ‘ಡೂ’ವನ್ನು ‘ಡೋ’ ಮಾಡುತ್ತದೆ, ‘ವಿಲ್’ ಅನ್ನು ಗುರುತೇ ಸಿಗದಂತೆ ‘ವೋ’ ಮಾಡುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ‘ಆ್ಯಮ್’ ಜೊತೆ ಸೇರುವುದೇ ಇಲ್ಲ. ಇಂಥ ವಿನಾಕಾರಣ ಖಾಲಿಜಾಗ ಪ್ರತ್ಯಯಗಳ ಲಕ್ಷಣ. ಹೀಗಾಗಿ ಅದು ಪ್ರತ್ಯಯ ಎಂದು ಅವರ ತೀರ್ಪು.

ಕನ್ನಡದಲ್ಲಿ ಒಂದು ಕಡೆ ಪರೀಕ್ಷೆಯೇ ತಬ್ಬಿಬ್ಬಾಗುತ್ತದೆ. ‘ಅಕ್ಕಿ ಮತ್ತು ಬೇಳೆಯನ್ನು ತಂದರು’ ಎಂದು ಬರೆಯುತ್ತೇವೆ. ‘ಅನ್ನು’ ಅಂಟಿದ್ದು ಬೇಳೆಗೆ, ಅರ್ಥ ಹರಡಿದ್ದು ಅಕ್ಕಿಗೂ. ಇಡೀ ಪದಗುಚ್ಛದ ಮೇಲೆ ಹೀಗೆ ಕೈಚಾಚುವುದು ಕ್ಲಿಟಿಕ್‌ನ ಚಾಳಿಯಲ್ಲವೇ? ಹಾಗಾದರೆ ವಿಭಕ್ತಿಯೂ ಕ್ಲಿಟಿಕ್ಕೇ? ಸರ್ವನಾಮ ಇಟ್ಟು ನೋಡಿ. ‘ನಾನು ಮತ್ತು ನಿನಗೆ’ ಎನ್ನಲಾಗದು. ‘ನನಗೂ ನಿನಗೂ’ ಎಂದೇ ಆಗಬೇಕು. ‘ಊ’ ಬಳಸಿದರೆ ದಿನಸಿಗೂ ಇದೇ ಕಟ್ಟು: ‘ಅಕ್ಕಿಯನ್ನೂ ಬೇಳೆಯನ್ನೂ’ ಎನ್ನದೆ ಗತಿಯಿಲ್ಲ. ಬುಡವನ್ನು ಬದಲಿಸುವುದು, ನಾಮಪದವನ್ನೇ ಬೇಡುವುದು, ಸರದಿಯಲ್ಲಿ ಒಳಗೆ ನಿಲ್ಲುವುದು, ಇಷ್ಟೂ ಒಂದೇ ಕಡೆಗೆ ಬೆರಳು ತೋರುತ್ತವೆ. ಹಾಗಾಗಿ ನನ್ನ ಮತ ಪ್ರತ್ಯಯಕ್ಕೇ. ಆದರೆ ‘ಮತ್ತು’ ಇರುವ ವಾಕ್ಯವೊಂದನ್ನೇ ಹಿಡಿದು ತೀರ್ಪು ಕೊಟ್ಟಿದ್ದರೆ ತಪ್ಪುತ್ತಿತ್ತು.

ಈಗ ಗಾಳಿಸುದ್ದಿಯ ‘ಅಂತೆ’ಯನ್ನು ನೀವೇ ಹಿಡಿದು ಕೂರಿ. ಬಂದನಂತೆ, ನಾಳೆಯಂತೆ, ನನಗಂತೆ. ಬುಡ ಕದಲಿತೇ? ಅದರ ಮೇಲೆ ‘ಆ’ ಹತ್ತುತ್ತದೆಯೇ, ವಿಭಕ್ತಿ ಹತ್ತುತ್ತದೆಯೇ? ಒಂದೊಂದಾಗಿ ಬಾಯಿಬಿಟ್ಟು ಹೇಳಿ ನೋಡಿ.