ಎರಿ ಹೊಲದ ಪ್ರಾಣಿಗೆ ಎಂಥ ಕಾಲಿರಬೇಕು?

ಗೇಮ್‌ಗೋ ಕಾಮಿಕ್‌ಗೋ ಒಂದು ಕಾಲ್ಪನಿಕ ಪ್ರಾಣಿ ಬೇಕು ಅಂದಾಗ ಚಿತ್ರಕಾರರ ಕೈಗೆ ಬರುವ ವಿವರಣೆ ಹೆಚ್ಚಾಗಿ ಹೀಗಿರುತ್ತದೆ: ‘ಆನೆ ಗಾತ್ರ, ಆರು ಕಾಲು, ಕೆಂಪು ಕಣ್ಣು, ನೋಡಿದರೆ ಭಯ ಆಗಬೇಕು.’ ಅದು ಎಲ್ಲಿ ಮಲಗುತ್ತೆ, ಏನು ತಿನ್ನುತ್ತೆ ಅಂತ ಕೇಳಿದರೆ ಉತ್ತರ ಇಲ್ಲ. ಚಾಲುಕ್ಯರ ಗುಡಿಗಳ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ ಎರಡೂ ಇದ್ದರೆ ನಡೆಯುತ್ತದೆ. ಅದು ಕಲ್ಲಿನಲ್ಲೇ ಇರುವಂಥದ್ದು. ಗೇಮ್‌ನ ಪ್ರಾಣಿ ಓಡಾಡಬೇಕು. ಅದಕ್ಕೇ ನಾನು ವಿವರಣೆಯನ್ನು ಜಾಗದಿಂದ ಶುರು ಮಾಡುತ್ತೇನೆ.

ನವಲಗುಂದದ ಎರಿ ಹೊಲವನ್ನೇ ತಗೊಳ್ಳಿ. ಬೇಸಿಗೆಯಲ್ಲಿ ಕಪ್ಪು ಮಣ್ಣು ಒಣಗಿ ಕುಗ್ಗುತ್ತದೆ, ಕೈ ಇಳಿಯುವಷ್ಟು ಅಗಲದ ಆಳವಾದ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಕಾಲಿಗೆ ಅಂಟುತ್ತದೆ. ನಮ್ಮ ಕಾಕಾ ಹೇಳೋದು, “ಹಸಿ ಎರ್‍ಯಾಗ ಹೆಜ್ಜಿಗೊಂದು ಸೇರು ಮಣ್ಣು ಹೊತ್ಕೊಂಡು ನಡೀಬೇಕು ನೋಡಪಾ.”

ಇಲ್ಲಿ ಆನೆ ಗಾತ್ರ ಯಾಕೆ ಕಷ್ಟ? ಒಂದು ಪ್ರಾಣಿಯನ್ನು ಅದೇ ಆಕಾರದಲ್ಲಿ ಎರಡು ಪಟ್ಟು ಎತ್ತರ ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಆದರೆ ಪಾದದ ವಿಸ್ತೀರ್ಣ ನಾಲ್ಕೇ ಪಟ್ಟು. ಅಂದರೆ ಪಾದದ ಅಷ್ಟೇ ಜಾಗದ ಮೇಲೆ ಭಾರ ಎರಡರಷ್ಟು. ಹಸಿ ಎರಿಯಲ್ಲಿ ಅದು ಹೂತುಹೋಗುತ್ತದೆ. ಬಿರುಕಿನಲ್ಲಿ ಅಡಗಬೇಕು ಅಂದರೂ ಮೈ ಕಿರಿದಾಗಿರಬೇಕು. ಹಾಗಾಗಿ ಗಾತ್ರವನ್ನು ನಾವು ಆರಿಸುವುದಿಲ್ಲ, ಮಣ್ಣೇ ಹೇಳುತ್ತದೆ: ಮುಂಗುಸಿಗಿಂತ ತೆಳ್ಳಗೆ.

ಗಾತ್ರ ಸಿಕ್ಕಮೇಲೆ ಅಂಗಗಳು ಬರುತ್ತವೆ. ನಾನು ಬರೆದ ವಿವರಣೆ ಇದು:

‘ಮೂಗಿನಿಂದ ಬಾಲದ ತುದಿಗೆ ಒಂದು ಮೊಳ, ಮೈ ದಪ್ಪ ನಾಲ್ಕು ಬೆರಳು. ಬೇಸಿಗೆಯ ಹಗಲು ಬಿರುಕಿನೊಳಗೆ, ರಾತ್ರಿ ಹೊರಗೆ. ಮಣ್ಣು ಒಳಗೆ ಹೋಗದಂತೆ ಮಡಚಿ ಮುಚ್ಚುವ ಕಿವಿ. ಊರಿದಾಗ ಅಗಲವಾಗಿ, ಎತ್ತಿದಾಗ ಕೂಡಿಕೊಳ್ಳುವ ಕಾಲ್ಬೆರಳು. ಕೂದಲಿಲ್ಲದ ನುಣುಪು ಅಂಗಾಲು. ಹಿಂಗಾರಿನಲ್ಲಿ ಕಡಲೆ ಹೊಲದ ಹುಳ ತಿಂದು ಬಾಲದಲ್ಲಿ ಕೊಬ್ಬು ಕೂಡಿಡುತ್ತದೆ. ಮೊದಲ ಮಳೆಗೆ ಬಿರುಕು ಬಿಟ್ಟು ಬದುವಿಗೆ ಬರುತ್ತದೆ.’

ಈಗ ಚಿತ್ರಕಾರರಿಗೆ ದಾರಿ ಸಿಗುತ್ತದೆ. ಕಡಲೆ ಕೊಯ್ಲಿನ ಹೊತ್ತಿಗೆ ಬಾಲ ದಪ್ಪ, ಬೇಸಿಗೆ ಕೊನೆಗೆ ಸಣ್ಣ. ಕಾಲ್ಬೆರಳನ್ನು ಹೀಗೆ ಯಾಕೆ ಬರೆದೆವು ಅಂದರೆ, ಬಾತುಕೋಳಿಯ ಜಾಲಪಾದ ನೀರಿನಲ್ಲಿ ಹಿಂದಕ್ಕೆ ತಳ್ಳುವಾಗ ಬಿಚ್ಚಿ, ಮುಂದಕ್ಕೆ ತರುವಾಗ ಮಡಚಿಕೊಳ್ಳುತ್ತದಲ್ಲ, ಅದೇ ಉಪಾಯ. ಕೆಸರಿನಿಂದ ಕಾಲು ಕೀಳುವುದು ಸುಲಭ. ಕಲ್ಪನೆಯ ಅಂಗಕ್ಕೆ ನಿಜವಾದ ಒಂದು ಪ್ರಾಣಿಯ ಆಧಾರ ಇದ್ದರೆ ನೋಡುವವರ ಕಣ್ಣು ಅನುಮಾನ ಪಡುವುದಿಲ್ಲ.

ವಿವರಣೆ ಟೊಳ್ಳೋ ಗಟ್ಟಿಯೋ ತಿಳಿಯಲು ಒಂದು ಪರೀಕ್ಷೆ ಇದೆ. ಅದೇ ಪ್ರಾಣಿಯನ್ನು ಅರೆಮಲೆನಾಡಿನ ಕಲಘಟಗಿಯ ಕಾಡಿಗೆ ಒಯ್ಯಿರಿ. ಒಂದಕ್ಷರವೂ ಬದಲಾಗದಿದ್ದರೆ ಜಾಗದ ವಿವರ ಬರೀ ಅಲಂಕಾರ. ನಮ್ಮದಕ್ಕೆ ಅಲ್ಲಿ ಅಡಗಲು ಬಿರುಕಿಲ್ಲ, ಮರ ಹತ್ತಲು ಉಗುರೂ ಇಲ್ಲ. ಎರಿಗೆ ವಾಪಸ್ ಬರಲೇಬೇಕು.