ಹಳೆಯ ಲೇಬಲ್ಲಿನಲ್ಲಿ ಹೊಸದೊಂದು ಸಾಲು

1930ರ ದಶಕದ ಕಥೆಯ ಸಿನಿಮಾ ಒಂದಕ್ಕೆ ಊದುಬತ್ತಿ ಅಂಗಡಿಯ ದೃಶ್ಯ ಬೇಕಾಗಿದೆ ಎಂದುಕೊಳ್ಳಿ. ಕಲಾ ವಿಭಾಗದವರಿಗೆ ಆ ಕಾಲದ ಲೇಬಲ್ ಒಂದು ಸಿಕ್ಕಿದೆ. ಲಿಥೋ ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ನಡುವೆ ದೇವರ ಚಿತ್ರ, ಸುತ್ತ ಕಪ್ಪು ಅಂಚು, ಕೆಳಗಡೆ ಒಂದಿಷ್ಟು ಖಾಲಿ ಜಾಗ. ಆ ಜಾಗದಲ್ಲಿ ಕಥೆಗೆ ಬೇಕಾದ ವಿಳಾಸ ಬರಬೇಕು: ‘ಬಳೇಪೇಟೆ, ಬೆಂಗಳೂರು ಸಿಟಿ’. ಲೇಬಲ್ಲನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಆ ಸಾಲನ್ನು ಟೈಪ್ ಮಾಡಿದರೆ ಅದು ನಿನ್ನೆ ಅಂಟಿಸಿದ ಸ್ಟಿಕ್ಕರಿನ ಹಾಗೆ ಎದ್ದು ಕಾಣುತ್ತದೆ. ಆಗ ಎಲ್ಲರೂ ಮೊದಲು ಮಾಡುವುದು ಕಪ್ಪನ್ನು ಸ್ವಲ್ಪ ಬೂದು ಮಾಡಿ, ಮೇಲೆ ಒಂದಷ್ಟು ಚುಕ್ಕಿ ಎರಚುವುದು. ಹಾಗೆ ಮಾಡಿದರೆ ಸ್ಟಿಕ್ಕರು ಕೊಳೆಯಾಗುತ್ತದೆ, ಹಳೆಯದಾಗುವುದಿಲ್ಲ.

ಕಾರಣ ಇಷ್ಟೇ. ಹಳೆಯ ಲೇಬಲ್ಲಿಗೆ ಆಗಿರುವುದು ಒಂದೇ ಒಂದು ಬದಲಾವಣೆಯಲ್ಲ. ಕಾಗದ ಹಳದಿಯಾಗಿದೆ, ಕಾಗದದ ಮೇಲೂ ಶಾಯಿಯ ಮೇಲೂ ಕಲೆ ಬಿದ್ದಿದೆ, ಉಜ್ಜಾಟದಿಂದ ಅಲ್ಲಲ್ಲಿ ಶಾಯಿ ಕಿತ್ತುಹೋಗಿದೆ. ಮೂರಕ್ಕೂ ಕಾರಣ ಬೇರೆ, ಮೂರೂ ಕೂತಿರುವ ಪದರ ಬೇರೆ. ಯಾವುದು ಯಾವುದರ ಮೇಲಾಯಿತು ಎಂದು ಗೊತ್ತಾದರೆ ಕೆಲಸದ ಅರ್ಧ ಮುಗಿದ ಹಾಗೆ.

ಮೊದಲು ಶಾಯಿಯ ವಿಚಾರ. ಹಳೆಯ ಅಚ್ಚಿನ ಕಪ್ಪು ಮಾಸಿದೆ ಎನ್ನುತ್ತೇವೆ. ಆದರೆ ಅಚ್ಚಿನ ಕಪ್ಪು ಶಾಯಿ ಎಣ್ಣೆಯಲ್ಲಿ ಅರೆದ ಕಾಡಿಗೆ, ಎಂದರೆ ಇಂಗಾಲ. ಅದು ಬೆಳಕಿಗೆ ಬಣ್ಣ ಕಳೆದುಕೊಳ್ಳುವುದಿಲ್ಲ. ಬೆಳಕಿಗೆ ಬಿಳಿಚಿಕೊಳ್ಳುವುದು ಕೆಲವು ಕೆಂಪುಗಳು, ಹಳದಿಗಳು. ಹಾಗಾಗಿ ಎಷ್ಟೋ ಹಳೆಯ ಲೇಬಲ್ಲುಗಳಲ್ಲಿ ದೇವರ ಸೀರೆಯ ಕೆಂಪು ಗುಲಾಬಿಗೆ ಇಳಿದಿದ್ದರೂ ಸುತ್ತಲಿನ ಕಪ್ಪು ಗೆರೆ ಗಟ್ಟಿಯಾಗಿಯೇ ಇರುತ್ತದೆ. ಕಪ್ಪು ಮಂಕಾಗಿ ಕಾಣುವುದಕ್ಕೆ ಬೇರೆ ಎರಡು ಕಾರಣಗಳಿವೆ. ಕಲ್ಲಿನಿಂದ ಕಾಗದಕ್ಕೆ ಬಂದ ಶಾಯಿ ಮೊದಲೇ ತೆಳ್ಳಗಿತ್ತು. ಆಮೇಲೆ ಉಜ್ಜಾಟದಲ್ಲಿ ಅಲ್ಲಲ್ಲಿ ಕಿತ್ತು ಕೆಳಗಿನ ಹಳದಿ ಕಾಗದ ಇಣುಕುತ್ತಿದೆ. ಆದ್ದರಿಂದ ಹೊಸ ಅಕ್ಷರದ ಪಾರದರ್ಶಕತೆ ಹೆಚ್ಚಿಸಿ ಇಡೀ ಸಾಲನ್ನು ಒಂದೇ ಸಮನೆ ಬೂದು ಮಾಡುವುದು ತಪ್ಪು ದಾರಿ. ನಿಜವಾಗಿ ಸವೆದ ಅಕ್ಷರದಲ್ಲಿ ಗಟ್ಟಿ ಕಪ್ಪೂ ಬರಿಯ ಕಾಗದವೂ ಅಕ್ಕಪಕ್ಕದಲ್ಲೇ ಇರುತ್ತವೆ.

ಕೆಲಸಕ್ಕೆ ದುಬಾರಿ ತಂತ್ರಾಂಶವೇನೂ ಬೇಡ. ಉಚಿತವಾಗಿ ಸಿಗುವ ಜಿಂಪ್ ಸಾಕು. ಲೇಬಲ್ಲನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ TIFF ಅಥವಾ PNG ಕಡತವಾಗಿ ಉಳಿಸಬೇಕು. JPEG ಆದರೆ ಅಕ್ಷರಗಳ ಅಂಚಿನಲ್ಲಿ ಚೌಕ ಚೌಕದ ಕಲಸುಮೇಲೋಗರ ಸೇರಿಕೊಳ್ಳುತ್ತದೆ. 600 ಡಿಪಿಐನಲ್ಲಿ 3 ಮಿಲಿಮೀಟರ್ ಎತ್ತರದ ಅಕ್ಷರ ಸುಮಾರು 70 ಪಿಕ್ಸೆಲ್ ಬರುತ್ತದೆ. ಅಂಚಿನ ಏರುಪೇರನ್ನು ತೋರಿಸಲು ಅಷ್ಟಾದರೂ ಬೇಕು.

ಇನ್ನು ಬಣ್ಣ. ನಮ್ಮ ಲೇಬಲ್ಲಿನಲ್ಲಿ ಕಲೆಯಿಲ್ಲದ ಕಾಗದದ ಬಣ್ಣವನ್ನು ಅಳೆದಾಗ ಕೆಂಪು 214, ಹಸಿರು 190, ನೀಲಿ 150 ಎಂದು ಬಂತು ಎನ್ನಿ. ಕಪ್ಪು ಅಂಚಿನ ಗಟ್ಟಿ ಭಾಗ 62, 52, 44. ಅದು ಕಪ್ಪಲ್ಲ, ಕಂದು. ಹಾಗೆಂದು ಈ ಕಂದನ್ನೇ ತೆಗೆದುಕೊಂಡು ಹೊಸ ಸಾಲಿಗೆ ಬಳಿದು, ಆ ಪದರವನ್ನು Legacy ಗುಂಪಿನ Multiply ವಿಧಾನಕ್ಕೆ ಇಟ್ಟರೆ ಅಕ್ಷರ 52, 39, 26ಕ್ಕೆ ಇಳಿದು, ಪಕ್ಕದ ಅಂಚಿಗಿಂತ ಕಪ್ಪಾಗಿ ಕೂರುತ್ತದೆ. ಏಕೆಂದರೆ Multiply ಎರಡು ಬಣ್ಣಗಳನ್ನು ಗುಣಿಸಿ 255ರಿಂದ ಭಾಗಿಸುತ್ತದೆ. ನಾವು ಅಳೆದ ಕಂದಿನಲ್ಲಿ ಕಾಗದದ ಹಳದಿ ಆಗಲೇ ಸೇರಿದೆ. ಈಗ ಅದು ಎರಡನೇ ಸಲ ಸೇರಿತು.

ಇದಕ್ಕೆ ಪರಿಹಾರ ಒಂದು ಸಣ್ಣ ಭಾಗಾಕಾರ. ಕಂಡ ಶಾಯಿಯನ್ನು ಕಾಗದದಿಂದ ಭಾಗಿಸಿ 255ರಿಂದ ಗುಣಿಸಬೇಕು:

```
62 / 214 × 255 = 74
52 / 190 × 255 = 70
44 / 150 × 255 = 75
```

ಉತ್ತರ ನೋಡಿ: 74, 70, 75. ಕಂದು ಮಾಯವಾಗಿ ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಗಾಢ ಬೂದು ಉಳಿಯಿತು. ಅದು ಕಾಡಿಗೆ. ಕಂದೆಲ್ಲ ಕಾಗದದ್ದೇ ಆಗಿತ್ತು. ಈ ಬೂದಿನಲ್ಲಿ ಬರೆದು Multiply ಇಟ್ಟರೆ ಅಕ್ಷರ ಪಕ್ಕದ ಅಂಚಿಗೆ ಸರಿಹೊಂದುತ್ತದೆ.

ಇದೇ ಲೆಕ್ಕ ಕಲೆಯ ಕೆಲಸವನ್ನೂ ಮಾಡಿಕೊಡುತ್ತದೆ. ಲೇಬಲ್ಲಿನ ಕೆಳಭಾಗಕ್ಕೆ ಎಂದೋ ನೀರು ತಾಗಿ ಒಣಗಿದೆ. ನೀರು ಹರಡುವಾಗ ಕಾಗದದೊಳಗಿನ ಕಂದು ಪದಾರ್ಥವನ್ನು ಕರಗಿಸಿ, ತಳ್ಳಿಕೊಂಡು ಹೋಗಿ, ಒಣಗಿದ ಗಡಿಯಲ್ಲಿ ಬಿಟ್ಟುಬಿಡುತ್ತದೆ. ನೀರಿನ ಕಲೆಗೆ ಅಂಚೇ ಗಾಢವಾಗಿರುವುದು ಅದಕ್ಕೇ. ಆ ಗೆರೆಯಲ್ಲಿ ಕಾಗದ 170, 132, 84 ಇದ್ದರೆ, ಗೆರೆಯ ಮೇಲೆ ಬಂದ ನಮ್ಮ ಅಕ್ಷರ ತಾನಾಗಿಯೇ 49, 36, 25 ಆಗುತ್ತದೆ. ನಿಜದಲ್ಲಿ ಕಲೆ ಶಾಯಿಯ ಮೇಲೆ ಬಿದ್ದದ್ದು, ಇಲ್ಲಿ ಶಾಯಿಯೇ ಕಲೆಯ ಮೇಲೆ ಬಿದ್ದಿದೆ. ಆದರೂ ಗುಣಾಕಾರದಲ್ಲಿ ಯಾವುದು ಮೊದಲಾದರೇನು, ಉತ್ತರ ಒಂದೇ. ಹಾಗಾಗಿ ಕಲೆಯನ್ನು ಕೈಯಿಂದ ಬಿಡಿಸಬೇಕಾಗಿಲ್ಲ. ಅಪ್ಪಟ ಕಪ್ಪಿನಲ್ಲಿ ಬರೆದಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ; ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ, ಕಲೆ ಅಕ್ಷರದೊಳಕ್ಕೆ ಕಾಣುವುದೇ ಇಲ್ಲ.

ಅಕ್ಷರದ ಆಕಾರಕ್ಕೂ ವಯಸ್ಸಿದೆ. ಕಲ್ಲಚ್ಚಿನ ಲೇಬಲ್ಲಿನಲ್ಲಿ ಅಕ್ಷರಗಳನ್ನು ಸಾಮಾನ್ಯವಾಗಿ ಕಲಾವಿದನೇ ಕೈಯಿಂದ ಬರೆಯುತ್ತಿದ್ದ. ಒಂದು ಅಕ್ಷರ ಎರಡು ಸಲ ಬಂದರೆ ಎರಡೂ ತದ್ರೂಪವಾಗಿರುತ್ತಿರಲಿಲ್ಲ. ನಮ್ಮ ಸಾಲಿನಲ್ಲಿ ‘ಬ’ ಎರಡು ಸಲ, ‘ಳ’ ಎರಡು ಸಲ, ‘ಟ’ ಎರಡು ಸಲ. ‘ಳೇ’, ‘ಪೇ’ ಎರಡಕ್ಕೂ ದೀರ್ಘದ ಬಾಲ. ಫಾಂಟಿನಲ್ಲಿ ಅವೆಲ್ಲ ಅವಳಿಜವಳಿ. ಕನ್ನಡ ಓದುವ ಕಣ್ಣು ಇದನ್ನು ಹೆಸರಿಟ್ಟು ಹೇಳದಿದ್ದರೂ ಏನೋ ಸರಿಯಿಲ್ಲ ಎಂದು ಗುರುತಿಸಿಬಿಡುತ್ತದೆ. ಅದಕ್ಕೇ ಟೈಪ್ ಮಾಡಿದ ಸಾಲನ್ನು ರೇಖೆಗಳಾಗಿ ಬದಲಿಸಿಕೊಂಡು, ಒಂದು ‘ಬ’ದ ಹೊಟ್ಟೆಯನ್ನು ಕೊಂಚ ಉಬ್ಬಿಸಿ, ಒಂದು ದೀರ್ಘದ ಬಾಲವನ್ನು ಚೂರು ಗಿಡ್ಡ ಮಾಡಿ, ಸಾಲನ್ನು ಕೂದಲೆಳೆಯಷ್ಟು ಏರಿಳಿಸಬೇಕು. ಬೇಕಾದ ಅಕ್ಷರ ಲೇಬಲ್ಲಿನಲ್ಲೇ ಇದ್ದರೆ ಅದನ್ನು ನೋಡಿಕೊಂಡು ತಿದ್ದುವುದು ಇನ್ನೂ ಒಳ್ಳೆಯದು.

ಬಳಿಕ ಅಂಚು. ಕಾಗದದ ನಾರಿಗೆ ಶಾಯಿ ಹರಡುವುದರಿಂದ ಚೂಪು ಮೂಲೆಗಳು ದುಂಡಗಾಗಿರುತ್ತವೆ. Gaussian Blurನಲ್ಲಿ ಒಂದೂವರೆ ಪಿಕ್ಸೆಲ್ ಮಸುಕು ಮಾಡಿ, Levelsನಲ್ಲಿ ಮತ್ತೆ ಬಿಗಿ ಮಾಡಿದರೆ ಮೂಲೆ ದುಂಡಗಾಗಿ ಅಂಚು ಉಳಿಯುತ್ತದೆ. ಕೊನೆಗೆ ಅರ್ಧ ಪಿಕ್ಸೆಲ್ಲಿನಷ್ಟು ಮಸುಕು; ಅದು ಸ್ಕ್ಯಾನರಿನದು, ಹಳೆಯ ಅಕ್ಷರಗಳಲ್ಲೂ ಅದು ಇದ್ದೇ ಇದೆ.

ಇಲ್ಲಿಯವರೆಗೆ ಲೆಕ್ಕವೇ ಕೈಹಿಡಿಯಿತು. ಸವೆತದ ಹತ್ತಿರ ಬಂದಾಗ ಅದು ಕೈಕೊಡುತ್ತದೆ. ಲೇಬಲ್ಲಿನ ಅಡ್ಡಕ್ಕೆ ಒಂದು ಮಡಿಕೆ ಇದೆ. ಮಡಿಕೆಯ ಗುಂಟ ಮೇಲ್ಪದರ ಕಿತ್ತು ಒಳಗಿನ ಬೆಳ್ಳಗಿನ ನಾರು ಹೊರಬಿದ್ದಿದೆ. ಅಲ್ಲಿ ಶಾಯಿ ಇದ್ದಿದ್ದರೆ ಮೇಲ್ಪದರದ ಜೊತೆಗೇ ಹೋಗಿರಬೇಕಿತ್ತು. ಆದರೆ ನಮ್ಮ ಅಕ್ಷರ ಆ ಬಿಳಿ ಗೆರೆಯ ಮೇಲೆಯೂ ನಿಶ್ಚಿಂತೆಯಾಗಿ ಹಾದುಹೋಗಿದೆ. ಇಂಥ ಕೆಲಸದಲ್ಲಿ ಸಿಕ್ಕಿಬೀಳುವುದು ಇಲ್ಲೇ: ಹರಿದ ಮೇಲೆ ಮುದ್ರಿಸಿದ ಶಾಯಿ.

ಇದಕ್ಕೆ ಲೇಬಲ್ಲೇ ಸಾಕ್ಷಿ ಕೊಡುತ್ತದೆ. ಸ್ಕ್ಯಾನಿನ ಪ್ರತಿಯಿಂದ Colors > Components > Extract Component ಮೂಲಕ ಕೆಂಪು ವಾಹಿನಿಯನ್ನು ಬೇರ್ಪಡಿಸಬೇಕು. ಹಳದಿ ಕಂದು ಕಲೆ ಕೆಂಪು ಬೆಳಕನ್ನು ಬಹುಪಾಲು ಹಿಂದಿರುಗಿಸುವುದರಿಂದ ಈ ವಾಹಿನಿಯಲ್ಲಿ ಕಲೆ ತೆಳುವಾಗುತ್ತದೆ. ಕಪ್ಪು ಶಾಯಿಯೂ ಬೆಳ್ಳನೆ ಗೀರುಗಳೂ ಎದ್ದು ಕಾಣುತ್ತವೆ. ಕಾಗದ 214 ಇದ್ದು ಮಡಿಕೆಯ ನಾರು 235ರ ಆಸುಪಾಸಿನಲ್ಲಿದ್ದರೆ, Thresholdನಲ್ಲಿ 225ರ ಗಡಿ ಹಾಕಿದಾಗ ಗೀರುಗಳು ಬಿಳಿ, ಉಳಿದದ್ದೆಲ್ಲ ಕಪ್ಪು. ಅದನ್ನು ತಿರುಗುಮುರುಗು ಮಾಡಿ ಅಕ್ಷರದ ಪದರಕ್ಕೆ ಮಾಸ್ಕ್ ಆಗಿ ಹಾಕಿದರೆ ಮಡಿಕೆಯಿದ್ದಲ್ಲೆಲ್ಲ ಅಕ್ಷರ ಕಡಿಯುತ್ತದೆ. ಮಾಸ್ಕಿನಲ್ಲಿ ಬಿಳಿ ತೋರಿಸುತ್ತದೆ, ಕಪ್ಪು ಮರೆಮಾಡುತ್ತದೆ.

ಉಜ್ಜಾಟದ ಸಣ್ಣ ತೂತುಗಳಿಗೂ ಇದೇ ಮೂಲ. ಕಪ್ಪು ಅಂಚಿನ ಸವೆದ ತುಂಡೊಂದನ್ನು ಅದೇ ವಾಹಿನಿಯಿಂದ ಕತ್ತರಿಸಿ, ತಿರುಗುಮುರುಗು ಮಾಡಿ, Levelsನಲ್ಲಿ ಕಪ್ಪು ಬಿಳುಪನ್ನು ಎಳೆದು ಮೊದಲ ಮಾಸ್ಕಿನ ಜೊತೆ ಸೇರಿಸಬೇಕು. ಅದನ್ನು ದೊಡ್ಡದು ಚಿಕ್ಕದು ಮಾಡಬಾರದು. ಕಾಗದದ ನಾರಿನ ಅಳತೆ ಲೇಬಲ್ಲಿನ ತುಂಬ ಒಂದೇ. ತಿರುಗಿಸಲೂಬಾರದು, ಪೊಟ್ಟಣಗಳು ಒಂದಕ್ಕೊಂದು ಉಜ್ಜಿದ ದಿಕ್ಕು ಗೀರುಗಳಲ್ಲಿ ಉಳಿದಿರುತ್ತದೆ. ತಂತ್ರಾಂಶ ಹುಟ್ಟಿಸುವ ಚುಕ್ಕಿಗಳಿಗೆ ಅಳತೆಯೂ ಇಲ್ಲ, ದಿಕ್ಕೂ ಇಲ್ಲ. ಅವು ಎಲ್ಲ ಕಡೆ ಸಮನಾಗಿ ಬೀಳುತ್ತವೆ. ಸವೆತವಾದರೋ ಮೂಲೆಯಲ್ಲಿ ಹೆಚ್ಚು, ನಡುವೆ ಕಡಿಮೆ.

ಮುಗಿಯಿತೋ ಇಲ್ಲವೋ ಎಂದು ನೋಡಲು ಪರದೆಯ ಮೇಲೆ ಹಿಗ್ಗಿಸಿಕೊಂಡು ಕೂರಬೇಡಿ. ಮತ್ತೆ ಕೆಂಪು ವಾಹಿನಿಯನ್ನು ತೆರೆಯಿರಿ. ಕಲೆಯ ಗದ್ದಲವಿಲ್ಲದೆ ಶಾಯಿಯಷ್ಟೇ ಉಳಿದಾಗ ಹೊಸ ಸಾಲು ಅಕ್ಕಪಕ್ಕಕ್ಕಿಂತ ಗಟ್ಟಿಯಾಗಿದೆಯೇ, ನುಣುಪಾಗಿದೆಯೇ ಎಂಬುದು ಕಾಣುತ್ತದೆ. ಆಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟು ಯಾವ ಸಾಲು ಹೊಸದು ಎಂದು ಕೇಳಿ. ಸಾಮಾನ್ಯವಾಗಿ ಆಗುವ ತಪ್ಪು ಸವೆತ ಕಡಿಮೆಯಾಗುವುದಲ್ಲ, ಅತಿಯಾಗುವುದು. ಹಳೆಯ ಅಕ್ಷರಗಳಿಗಿಂತ ಹೊಸದೇ ಮುದಿಯಾಗಿ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಇದು ಮೋಸಕ್ಕೆ ಒದಗುವ ವಿದ್ಯೆಯಲ್ಲ. ಹೀಗೆ ಮುದ್ರಿಸಿದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಪ್ರಿಂಟರಿನ ಬಣ್ಣಬಣ್ಣದ ಚುಕ್ಕಿಗಳು ಸಿಗುತ್ತವೆ. ಕಲ್ಲಚ್ಚಿನಲ್ಲಿ ಕಪ್ಪೆಂದರೆ ಒಂದೇ ಕಪ್ಪು. ಅತಿನೇರಳೆ ದೀಪದ ಕೆಳಗೆ ಇಂದಿನ ಬಹುತೇಕ ಬಿಳಿ ಕಾಗದಗಳು ನೀಲಿಯಾಗಿ ಹೊಳೆಯುತ್ತವೆ. ಆ ಹೊಳಪಿನ ರಾಸಾಯನಿಕ ಕಾಗದಕ್ಕೆ ವ್ಯಾಪಕವಾಗಿ ಸೇರತೊಡಗಿದ್ದು 1950ರ ಸುಮಾರಿಗೆ; 1930ರ ದಶಕದ ಕಾಗದ ಹಾಗೆ ಹೊಳೆಯುವುದಿಲ್ಲ.

ಮೂಲ ವಸ್ತುವನ್ನೇ ದುರಸ್ತಿ ಮಾಡುವವರ ನಿಯಮ ಇನ್ನೂ ಕಟ್ಟುನಿಟ್ಟು. ರೋಮ್‌ನ ಪುನಶ್ಚೇತನ ಸಂಸ್ಥೆಯನ್ನು ಕಟ್ಟಿದ ಚೇಸರೆ ಬ್ರಾಂದಿ, ಚಿತ್ರದಲ್ಲಿ ಬಿದ್ದುಹೋದ ಭಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುವ ಪದ್ಧತಿ ತಂದರು. ದೂರದಿಂದ ಚಿತ್ರ ಇಡಿಯಾಗಿ ಕಾಣಬೇಕು, ಹತ್ತಿರ ಹೋದವರಿಗೆ ಯಾವುದು ಹೊಸದೆಂದು ತಿಳಿಯಬೇಕು. ಸಿನಿಮಾದ ಲೇಬಲ್ಲಿಗೆ ಇದರಷ್ಟೇ ಸುಲಭದ ದಾರಿಯಿದೆ: ಅಸಲು ಸ್ಕ್ಯಾನನ್ನು ಮುಟ್ಟದೆ ಇಟ್ಟು, ಹೊಸ ಸಾಲನ್ನು XCF ಕಡತದಲ್ಲಿ ಬೇರೆ ಪದರವಾಗಿಯೇ ಉಳಿಸಿ, ಮುದ್ರಿಸಿದ ಪ್ರತಿಯ ಬೆನ್ನಿಗೆ ‘ಚಿತ್ರೀಕರಣಕ್ಕಾಗಿ ಮಾಡಿದ್ದು’ ಎಂದು ವರ್ಷ ಸಮೇತ ಅಚ್ಚು ಹಾಕುವುದು. ಕ್ಯಾಮೆರಾ ಆ ಬದಿಯನ್ನು ನೋಡುವುದಿಲ್ಲ. ಮುಂದೆ ಗುಜರಿ ಅಂಗಡಿಯಲ್ಲಿ ಅದನ್ನು ಕೊಳ್ಳಲು ಎತ್ತಿಕೊಂಡವರು ತಿರುವಿ ನೋಡುತ್ತಾರೆ.